ಕಾಸಿದ ನೀರೋ, ಆರ್‌ಒ ನೀರೋ, ಬಾಟಲಿಯದೋ?

ವಿಜಯಪುರ, ಬಾಗಲಕೋಟೆ ಕಡೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಗಡಸು. ಕಾಸಿದಾಗ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವೇ ನೀರಿನಿಂದ ಹೊರಬಿದ್ದ ಕ್ಯಾಲ್ಸಿಯಂ. ಮೆಗ್ನೀಷಿಯಂ ಬಹುಪಾಲು ನೀರಲ್ಲೇ ಉಳಿಯುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅವುಗಳ ಸಾಂದ್ರತೆ ತುಸು ಏರುತ್ತದೆ.

ಒತ್ತಡ ಹಾಕಿ ನೀರನ್ನು ಸೂಕ್ಷ್ಮ ಪೊರೆಯಲ್ಲಿ ಸೋಸುವ ಆರ್‌ಒ ಯಂತ್ರ ಇವನ್ನೆಲ್ಲ ಬಹುಪಾಲು ತೆಗೆಯುತ್ತದೆ, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕೂಡ. ಇದು ನಷ್ಟವೇ? ಲೆಕ್ಕ ಹಾಕಿ ನೋಡೋಣ. ಬೋರಿನ ನೀರಲ್ಲಿ ಲೀಟರಿಗೆ 100 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದುಕೊಳ್ಳಿ. ದಿನಕ್ಕೆ ಎರಡೂವರೆ ಲೀಟರ್ ಕುಡಿದರೆ 250 ಮಿಲಿಗ್ರಾಂ. ದೊಡ್ಡವರಿಗೆ ಬೇಕಾದದ್ದು ಸುಮಾರು 1000. ಆರ್‌ಒ ನೀರಿನಿಂದ ತಪ್ಪುವಷ್ಟು ಕ್ಯಾಲ್ಸಿಯಂ ಒಂದು ದೊಡ್ಡ ಲೋಟ ಹಾಲಿನಲ್ಲಿದೆ. ರೊಟ್ಟಿಯ ಜೊತೆ ಮೊಸರು, ಎಳ್ಳಿನ ಚಟ್ನಿ, ಸೊಪ್ಪು ಇದ್ದರೆ ಚಿಂತೆಯಿಲ್ಲ. ಹಾಲು-ಮೊಸರು ಕಾಣದ ಮನೆಯಲ್ಲಿ ಮಾತ್ರ ಈ ಕೊರತೆ ಲೆಕ್ಕಕ್ಕೆ ಬರುತ್ತದೆ.

ಅಂಗಡಿಯ 20 ಲೀಟರಿನ ಕ್ಯಾನು 'ಮಿನರಲ್' ಅನ್ನಿಸಿಕೊಂಡರೂ ಹೆಚ್ಚಾಗಿ ಆರ್‌ಒ ನೀರೇ. ಲೇಬಲ್ ಓದಿ: 'ನ್ಯಾಚುರಲ್ ಮಿನರಲ್ ವಾಟರ್' ಎಂದಿದ್ದರೆ ಮಾತ್ರ ನೆಲದೊಳಗಿನ ಖನಿಜ ಹಾಗೇ ಉಳಿದಿರುತ್ತದೆ. ಅದು ದುಬಾರಿ, ದಿನದ ಬಳಕೆಗೆ ನಾನಂತೂ ಹೇಳಲಾರೆ.

ಮೊದಲು ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಏಕೆಂದರೆ ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ನೀರಲ್ಲಿ ಕರಗಿದ ಒಟ್ಟು ಲವಣವನ್ನಷ್ಟೇ ಅಂದಾಜಿಸುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸದು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ, ಮಕ್ಕಳ ಹಲ್ಲು ಕಲೆಗಟ್ಟುವ ಮುಂಚೆ ಆರ್‌ಒ ಹಾಕಿಸಿ. ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದು ಫ್ಲೋರೈಡ್, ನೈಟ್ರೇಟ್ ಮಿತಿಯಲ್ಲಿದ್ದರೆ ಕಾಸಿದ ನೀರೇ ಸಾಕು.