ನಂಬರ್ ಒನ್ ಹಾಡು ನನಗೆ ಇಷ್ಟವೇ ಇಲ್ಲ: ನಾಲ್ಕು ವರ್ಷ ಬಳಸಿದ ಮೇಲೆ ಒಂದು ವಿಮರ್ಶೆ

ಹಾಡು ಕೇಳುವ ಆಪ್‌ಗೆ ನಾಲ್ಕು ವರ್ಷದಿಂದ ದುಡ್ಡು ಕಟ್ಟುತ್ತಿದ್ದೇನೆ. ಯಾವ ಆಪ್ ಅಂತ ಹೇಳಲ್ಲ, ಬಿಡಿ. ಒಂದು ಸೀರೆಗೆ ಫಾಲ್ ಹಾಕಿ ಜಿಗ್‌ಜಾಗ್ ಮಾಡಿಕೊಟ್ಟರೆ ಸಿಗುವ ದುಡ್ಡು ತಿಂಗಳ ಚಂದಾಗೆ ಸರಿಹೋಗುತ್ತದೆ, ಹಾಗಾಗಿ ಅದರ ಬಗ್ಗೆ ದೂರಿಲ್ಲ. ಧ್ವನಿ ಚೆನ್ನಾಗಿದೆ, ಹಳೆ ಕನ್ನಡ ಹಾಡು ಬೇಕಾದಷ್ಟಿವೆ. ನನ್ನ ತಕರಾರು ಒಂದೇ. ಪ್ರತಿ ಡಿಸೆಂಬರ್‌ನಲ್ಲಿ ಬಣ್ಣಬಣ್ಣದ ಕಾರ್ಡ್ ಕಳಿಸಿ "ಈ ವರ್ಷ ನೀವು ಕೇಳಿದ್ದು ಇದು" ಅನ್ನುತ್ತದಲ್ಲ, ಆ ಲೆಕ್ಕ.

ಕಳೆದ ಸಲ ನನ್ನ ನಂಬರ್ ಒನ್ ಹಾಡು ಅಂತ ಬಂದಿದ್ದು ನನಗೆ ಕೇಳಿದರೆ ತಲೆನೋವು ಬರುವ ಒಂದು ಹಾಡು. 412 ಸಲ ಕೇಳಿದ್ದೀನಂತೆ! ತಂಗಿ ನೋಡಿ ನಕ್ಕಿದ್ದೇ ನಕ್ಕಿದ್ದು.

ನನ್ನದು ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ. ಹಳೆ ಫೋನ್ ಒಂದನ್ನು ಹಾಡಿಗಂತಲೇ ಅಂಗಡಿಯಲ್ಲಿ ಬಿಟ್ಟಿದ್ದೇನೆ, ಅದರಿಂದ ಒಂದು ವೈರ್ ಸ್ಪೀಕರ್‌ಗೆ ಹೋಗುತ್ತದೆ. ಬೆಳಗ್ಗೆ ಹತ್ತೂವರೆಗೆ ಶಟರ್ ಎತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಮಷೀನ್‌ಗೆ ಎರಡು ಹನಿ ಎಣ್ಣೆ ಬಿಟ್ಟು, ಬಾಬಿನ್‌ಗೆ ದಾರ ಸುತ್ತಿಕೊಂಡು, ಆಮೇಲೆ ನನ್ನ 40 ಹಾಡಿನ ಪಟ್ಟಿ ಒತ್ತುತ್ತೇನೆ. ಪಟ್ಟಿಯ ಮೊದಲ ಹಾಡು ಅದೇ ತಲೆನೋವಿನ ಹಾಡು. ಯಾವಾಗಲೋ ತಂಗಿ ಮಗಳು ಸೇರಿಸಿದ್ದು, ತೆಗೆಯೋಣ ತೆಗೆಯೋಣ ಅಂತ ಹಾಗೇ ಉಳಿದಿದೆ. ಒತ್ತಿದ ಕೂಡಲೇ ಅದು ಶುರುವಾಗುತ್ತದೆ. ಅಷ್ಟೊತ್ತಿಗೆ ನನ್ನ ಎರಡೂ ಕೈ ಬಟ್ಟೆ ಮೇಲೆ, ಕಾಲು ಪೆಡಲ್ ಮೇಲೆ. ತೋಳು ಜೋಡಿಸುವಾಗ ಅರ್ಧಕ್ಕೆ ಬಿಟ್ಟು ಕೈ ಚಾಚಿದರೆ ಹೊಲಿಗೆ ಸೊಟ್ಟ. ಒಂದು ಸುತ್ತು ಮುಗಿಸಿ, ಸೂಜಿ ಎತ್ತಿ, ಆಮೇಲೆ ಮುಂದಿನ ಹಾಡಿಗೆ ಒತ್ತುತ್ತೇನೆ. ಸುಮಾರು ಮುಕ್ಕಾಲು ನಿಮಿಷ ಆಗಿರುತ್ತದೆ.

ಆ ಮುಕ್ಕಾಲು ನಿಮಿಷದಲ್ಲೇ ಇರೋದು ವಿಷಯ. ಈ ವ್ಯವಹಾರದಲ್ಲಿ ಹಾಡು 30 ಸೆಕೆಂಡ್ ಓಡಿದರೆ ಸಾಕು, ಒಂದು ಸಲ ಕೇಳಿದ ಹಾಗೆ. ಸ್ಪಾಟಿಫೈ ಇದನ್ನು ಬಹಿರಂಗವಾಗಿಯೇ ಹೇಳುತ್ತದೆ. ನನ್ನ ಆಪ್‌ನಲ್ಲೂ ಅದೇ ಅಳತೆ, ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ. 29ನೇ ಸೆಕೆಂಡಿಗೆ ಬಿಟ್ಟರೆ ಸೊನ್ನೆ. 31ಕ್ಕೆ ಬಿಟ್ಟರೂ ಒಂದು, ಕಣ್ಣುಮುಚ್ಚಿ ಕೊನೆವರೆಗೆ ಕೇಳಿದರೂ ಒಂದೇ.

ಈ ಗೆರೆ ನಮ್ಮ ಇಷ್ಟ ಅಳೆಯಲು ಎಳೆದದ್ದಲ್ಲ, ಹಾಡಿನವರಿಗೆ ದುಡ್ಡು ಹಂಚುವ ಲೆಕ್ಕದ್ದು. 2014ರಲ್ಲಿ ವಲ್ಫ್‌ಪೆಕ್ ಅನ್ನೋ ಅಮೆರಿಕದ ತಂಡ ಇದನ್ನೇ ಹಿಡಿದು ಆಟ ಆಡಿತು. ಸ್ಲೀಪಿಫೈ ಅಂತ ಒಂದು ಆಲ್ಬಂ ಮಾಡಿ ಸ್ಪಾಟಿಫೈಗೆ ಹಾಕಿದರು. ಅದರಲ್ಲಿ 10 ಹಾಡು, ಒಂದೊಂದೂ 30 ಸೆಕೆಂಡಿಗಿಂತ ಚೂರು ಜಾಸ್ತಿ, ಆದರೆ ಒಳಗೆ ಶಬ್ದವೇ ಇಲ್ಲ, ಬರೀ ಮೌನ. ರಾತ್ರಿ ಇದನ್ನು ಹಾಕಿ ಮಲಗಿ ಅಂದರು ಅಭಿಮಾನಿಗಳಿಗೆ. ಸುಮಾರು 20,000 ಡಾಲರ್ ಬಂತು, ಆಮೇಲೆ ಸ್ಪಾಟಿಫೈ ಆಲ್ಬಂ ತೆಗೆಸಿತು. ಹಾಡು ಓಡಿತಾ ಅನ್ನೋದಷ್ಟೇ ಆಪ್‌ಗೆ ಗೊತ್ತಾಗೋದು. ಯಾರಾದರೂ ಕೇಳಿದರಾ ಅನ್ನೋದು ಹೇಗೆ ಗೊತ್ತಾಗಬೇಕು, ಅಲ್ವಾ?

ಸಿಟ್ಟಿಗೆ ಸೆಟ್ಟಿಂಗ್ಸ್‌ಗೆ ಹೋಗಿ ನನ್ನ ಪೂರ್ತಿ ಇತಿಹಾಸದ ಫೈಲ್ ಕೇಳಿದೆ. ಇದನ್ನು ಕೊಡುತ್ತಾರೆ, ಬಹಳ ಜನರಿಗೆ ಗೊತ್ತಿಲ್ಲ. ಬರೋಕೆ ಕೆಲವು ವಾರ ಬೇಕು. ಪ್ರತಿ ಸಲ ಹಾಡು ಓಡಿದ್ದಕ್ಕೂ ಒಂದೊಂದು ಸಾಲು ಇರುತ್ತದೆ: ಯಾವ ಹೊತ್ತಿಗೆ, ಎಷ್ಟು ಹೊತ್ತು ಓಡಿತು, ಹೇಗೆ ನಿಂತಿತು. ಸ್ಪಾಟಿಫೈ ಬಳಸುವವರು ಈ ಫೈಲ್ ತರಿಸಿಕೊಂಡರೆ `ms_played` ನೋಡಿ. ಅದು ಮಿಲಿಸೆಕೆಂಡ್, ಸಾವಿರದಿಂದ ಭಾಗಿಸಿದರೆ ಸೆಕೆಂಡ್. `reason_end` ಎದುರು `trackdone` ಇದ್ದರೆ ಹಾಡು ಮುಗಿದಿದೆ, `fwdbtn` ಇದ್ದರೆ ನೀವೇ ಮುಂದಕ್ಕೆ ತಳ್ಳಿದ್ದೀರಿ.

ತಮ್ಮ ಫೈಲನ್ನು ಶೀಟ್‌ಗೆ ಹಾಕಿಕೊಟ್ಟ. ತಲೆನೋವಿನ ಹಾಡಿಗೆ 503 ಸಾಲು ಸಿಕ್ಕವು, ಅದೂ ನವೆಂಬರ್ ಮಧ್ಯದವರೆಗೆ ಮಾತ್ರ ಎಣಿಸಿದಾಗ. ಡಿಸೆಂಬರ್ ಮೊದಲಲ್ಲೇ ಕಾರ್ಡ್ ಬರಬೇಕಲ್ಲ, ಕೊನೆ ವಾರಗಳನ್ನು ಅವರು ಸೇರಿಸೋದೇ ಇಲ್ಲ. ಆ 503ರಲ್ಲಿ 30 ಸೆಕೆಂಡ್ ಮುಟ್ಟದವು 91. ಕಳೆದರೆ ಸರಿಯಾಗಿ 412! ಅಂದರೆ ಕಾರ್ಡ್ ಸುಳ್ಳು ಹೇಳಿಲ್ಲ. ಆದರೆ ಆ 412ರಲ್ಲಿ 351 ಸಲ ನಾನು ತಳ್ಳಿದ್ದು. ಸರಾಸರಿ 45 ಸೆಕೆಂಡ್ ಅಂತ ಹಿಡಿದರೆ 263 ನಿಮಿಷ. ಉಳಿದ 61 ಸಲ ಪೂರ್ತಿ ಓಡಿದೆ. ನಾಲ್ಕೂವರೆ ನಿಮಿಷದ ಹಾಡು, ಅಲ್ಲಿಗೆ 274 ನಿಮಿಷ. ಎರಡೂ ಸೇರಿ 537. ನಾನು ಮನಸಾರೆ ಹುಡುಕಿ ಹಾಕಿಕೊಳ್ಳುವ ಒಂದು ಭಾವಗೀತೆ 118 ಸಲ ಓಡಿದೆ, ಐದು ನಿಮಿಷದ್ದು, ಹೆಚ್ಚುಕಮ್ಮಿ ಪ್ರತಿ ಸಲವೂ ಕೊನೆವರೆಗೆ. 590 ನಿಮಿಷ! ಹೊತ್ತಿನ ಲೆಕ್ಕದಲ್ಲಿ ಅದೇ ಮೊದಲು. ಕಾರ್ಡ್‌ನಲ್ಲಿ ಅದರ ಹೆಸರು ಮೊದಲ ಐದರಲ್ಲೂ ಇಲ್ಲ.

ಲಾಸ್ಟ್.ಎಫ್‌ಎಂ ಅಂತ ಹಳೆ ಸೇವೆ ಒಂದಿದೆ, ಅವರ ಅಳತೆ ಬೇರೆ. ಅರ್ಧ ಹಾಡು ಅಥವಾ ನಾಲ್ಕು ನಿಮಿಷ, ಯಾವುದು ಮೊದಲೋ ಅಷ್ಟು ಓಡಿದ ಮೇಲೇ ಎಣಿಕೆ. ಆ ಪ್ರಕಾರ ನನ್ನ 45 ಸೆಕೆಂಡ್‌ಗಳು ಎಲ್ಲಾ ಬಿದ್ದುಹೋಗುತ್ತವೆ. ಹಾಗಂತ ಅದೂ ಪೂರ್ತಿ ಸರಿ ಅಲ್ಲ. ಖಾಲಿ ಕೋಣೆಯಲ್ಲಿ ಹಾಡಿದ್ದನ್ನು ಅದೂ ಎಣಿಸುತ್ತದೆ.

ಖಾಲಿ ಕೋಣೆ ಅಂದೆನಲ್ಲ. ಆ 61 ಸಲ ಯಾರು ಕೇಳಿದ್ದು? ನಾನಂತೂ ಅಲ್ಲ. ಸಮಯ ನೋಡಿದರೆ ಬಹುತೇಕ ಬೆಳಗ್ಗೆ ಎಂಟರಿಂದ ಹತ್ತರ ನಡುವೆ. ಆಗ ಅಂಗಡಿ ತೆರೆದೇ ಇರುವುದಿಲ್ಲ! ಒಂದು ಕ್ಷಣ ಹೆದರಿಕೆಯೇ ಆಯಿತು, ಬೇರೆ ಯಾರೋ ನನ್ನ ಅಕೌಂಟ್ ಬಳಸ್ತಿದ್ದಾರೇನೋ ಅಂತ. ತಮ್ಮ ಹೇಳಿದ, ಅಕ್ಕಾ ಅದು ನಮ್ಮ ಟೈಮ್ ಅಲ್ಲ, ಯುಟಿಸಿ, ಐದೂವರೆ ಗಂಟೆ ಕೂಡಿಸು. ಕೂಡಿಸಿದರೆ ಮಧ್ಯಾಹ್ನ ಒಂದೂವರೆಯಿಂದ ಮೂರೂವರೆ. ನಾನು ಶಟರ್ ಅರ್ಧ ಎಳೆದು ಮನೆಗೆ ಊಟಕ್ಕೆ ಹೋಗುವ ಹೊತ್ತು. 40 ಹಾಡು ಅಂದರೆ ಮೂರು ಗಂಟೆ. ಹತ್ತೂವರೆಗೆ ಒತ್ತಿದ್ದು ಒಂದೂವರೆಗೆ ಮುಗಿದು ಮತ್ತೆ ಮೊದಲಿಂದ ಶುರುವಾಗಿದೆ, ನಾನಿಲ್ಲದ ಅಂಗಡಿಯಲ್ಲಿ. ಎಷ್ಟೋ ದಿನ ಆ ಹೊತ್ತಿಗೆ ಕರೆಂಟ್ ಬೇರೆ ಇರುವುದಿಲ್ಲ. ಸ್ಪೀಕರ್ ಸತ್ತಿರುತ್ತದೆ, ಬ್ಯಾಟರಿ ಮೇಲೆ ಫೋನ್ ಮಾತ್ರ ತನ್ನ ಪಾಡಿಗೆ ಓಡುತ್ತಿರುತ್ತದೆ. ಬ್ಲೂಟೂತ್ ಸ್ಪೀಕರ್ ಆಗಿದ್ದರೆ ಅದು ಆಫ್ ಆದಾಗ ಸಾಮಾನ್ಯವಾಗಿ ಹಾಡೂ ನಿಲ್ಲುತ್ತದೆ, ವೈರಿನದ್ದಕ್ಕೆ ಆ ಬುದ್ಧಿ ಇಲ್ಲ.

ದಿನಕ್ಕೆ ಎರಡು ಗಂಟೆ, ತಿಂಗಳಿಗೆ 26 ದಿನ, ಹತ್ತೂವರೆ ತಿಂಗಳು. 32,000 ನಿಮಿಷ ದಾಟುತ್ತದೆ. ಕಾರ್ಡ್‌ನಲ್ಲಿ "1,21,000 ನಿಮಿಷ" ಅಂತ ನನ್ನನ್ನು ದೊಡ್ಡ ಸಂಗೀತಪ್ರೇಮಿ ಮಾಡಿದ್ದರಲ್ಲಿ ಕಾಲು ಭಾಗ ಟೇಬಲ್, ಕತ್ತರಿ, ಹ್ಯಾಂಗರ್‌ಗಳು ಕೇಳಿದ್ದು.

ಇಷ್ಟಾದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು, ಯಾಕಂದರೆ ಆ ಫೈಲ್ ಕಾರ್ಡ್‌ಗಿಂತ ನೂರು ಪಾಲು ಚೆನ್ನಾಗಿತ್ತು. ಗೌರಿಹಬ್ಬದ ಹಿಂದಿನ ವಾರ ರಾತ್ರಿ ಹನ್ನೊಂದರವರೆಗೂ ಹಾಡು ಓಡಿದೆ, ಅಷ್ಟು ಬ್ಲೌಸ್ ಇದ್ದವು. ಜೂನ್‌ನಲ್ಲಿ ಆರು ದಿನ ಏನೂ ಇಲ್ಲ, ಅಮ್ಮ ಆಸ್ಪತ್ರೆಯಲ್ಲಿದ್ದ ದಿನಗಳು. ಐದಕ್ಕೆ ಮೂರು ಸ್ಟಾರ್ ಕೊಡೋಣ ಅಂತಿದ್ದೆ, ಫೈಲ್‌ಗೋಸ್ಕರ ನಾಲ್ಕು. ಪಟ್ಟಿಯ ತಲೆಗೆ ಈಗ ನನ್ನ ಭಾವಗೀತೆ ಇದೆ. ಊಟಕ್ಕೆ ಹೋಗುವಾಗ ಸ್ಲೀಪ್ ಟೈಮರ್ ಹಾಕುತ್ತೇನೆ, ನೆನಪಾದರೆ.

ಅಂದಹಾಗೆ, ಆ 61ರಲ್ಲಿ 57 ಊಟದ ಹೊತ್ತಿನವು. ಉಳಿದ ನಾಲ್ಕರಲ್ಲಿ ಮೂರು ಯಾವುವೋ ಗೊತ್ತಿಲ್ಲ. ಒಂದು ಮಾತ್ರ ನೆನಪಿದೆ. ಫಾಲ್ ಹಾಕಿಸಲು ಬಂದಿದ್ದ ಒಬ್ಬ ಅಜ್ಜಿ, ನಾನು ಕೈ ಚಾಚಿದ ಕೂಡಲೇ "ಇರ್ಲಿ ಬಿಡವ್ವ, ಚಂದ ಐತೆ" ಅಂದಿದ್ದರು.