ಅಮೆರಿಕದಿಂದ ಲ್ಯಾಪ್‌ಟಾಪ್ ತರಿಸುವ ಮುನ್ನ: ಅದರ ವಾರಂಟಿ ಯಾವ ದೇಶದ್ದು ಅಂತ ನೋಡಿಕೊಳ್ಳಿ

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗನಿಗೆ ನ್ಯೂಜೆರ್ಸಿಯ ಚಿಕ್ಕಪ್ಪ ಊರಿಗೆ ಬರುವಾಗ ಹೊಸ ಲ್ಯಾಪ್‌ಟಾಪ್ ತಂದುಕೊಟ್ಟರು. ದೊಡ್ಡ ಅಂಗಡಿಯ ರಿಯಾಯಿತಿ ಮಾರಾಟದಲ್ಲಿ 750 ಡಾಲರ್, ಅಲ್ಲಿನ 6.625% ಸೇಲ್ಸ್ ಟ್ಯಾಕ್ಸ್ ಸೇರಿ ಸುಮಾರು 800. ಒಂದು ವರ್ಷದ ಕಂಪನಿ ವಾರಂಟಿ ಇತ್ತು. ಸಾಲದ್ದಕ್ಕೆ ಅಂಗಡಿಯವರದೇ ಎರಡು ವರ್ಷದ ಪ್ರೊಟೆಕ್ಷನ್ ಪ್ಲ್ಯಾನ್ ಕೂಡ ಕೊಂಡಿದ್ದರು. ಐದನೇ ತಿಂಗಳಲ್ಲಿ ಮದರ್‌ಬೋರ್ಡ್ ಹೋಯಿತು. ಚಾರ್ಜಿಂಗ್ ಲೈಟ್ ಉರಿಯುತ್ತದೆ, ಪವರ್ ಬಟನ್ ಒತ್ತಿದರೆ ಏನೂ ಇಲ್ಲ.

ಅದೇ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದವರು ಹೇಳಿದ್ದು ಇಷ್ಟೇ: "ಇದು ಯುಎಸ್ ಪೀಸ್, ಇಲ್ಲಿ ವಾರಂಟಿ ಬರಲ್ಲ. ದುಡ್ಡು ಕೊಟ್ಟರೂ ಈ ಬೋರ್ಡ್ ನಮಗೆ ಆರ್ಡರ್ ಮಾಡೋಕಾಗಲ್ಲ." ಅಮೆರಿಕದ ಕಸ್ಟಮರ್ ಕೇರ್‌ಗೆ ಚಿಕ್ಕಪ್ಪ ಫೋನ್ ಮಾಡಿದರೆ, ಅವರು ಅಮೆರಿಕದ ವಿಳಾಸದಿಂದ ಬಂದದ್ದನ್ನು ಮಾತ್ರ ರಿಪೇರಿ ಮಾಡುತ್ತಾರಂತೆ. ಅಂಗಡಿಯ ಪ್ಲ್ಯಾನ್ ಆ ದೇಶದ ಗಡಿ ದಾಟಿದ ಮೇಲೆ ನಡೆಯುವುದಿಲ್ಲ.

ಸರ್ವಿಸ್ ಸೆಂಟರಿನ ಹುಡುಗರ ಮೇಲೆ ರೇಗಿ ಪ್ರಯೋಜನವಿಲ್ಲ. ಅವರು ಬಿಡಿಭಾಗ ತರಿಸುವುದೇ ಸೀರಿಯಲ್ ನಂಬರಿನ ಮೇಲೆ. ಯಾವ ಮಾಡೆಲ್ ಯಾವ ದೇಶದಲ್ಲಿ ಮಾರಾಟವಾಗುತ್ತದೋ ಅದರ ಬೋರ್ಡ್, ಡಿಸ್‌ಪ್ಲೇ, ಕೀಬೋರ್ಡ್ ಮಾತ್ರ ಆ ದೇಶದ ಗೋದಾಮಿನಲ್ಲಿರುತ್ತವೆ. ಅಮೆರಿಕದ ದೊಡ್ಡ ಅಂಗಡಿಗಳಿಗೆಂದೇ ತಯಾರಾಗುವ ಮಾಡೆಲ್‌ಗಳಿವೆ. ಹೆಸರು ಇಲ್ಲಿ ಸಿಗುವಂಥದ್ದೇ ಇರುತ್ತದೆ, ಒಳಗಿನ ಪಾರ್ಟ್ ನಂಬರ್ ಬೇರೆ. ರಿಯಾಯಿತಿಯಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ ಇಂಥವೇ. ಆದ್ದರಿಂದ "ಇಂಟರ್‌ನ್ಯಾಷನಲ್ ವಾರಂಟಿ ಇದೆಯಾ" ಅಂತ ಅಂಗಡಿಯವರನ್ನು ಕೇಳಿದರೆ ಸಾಲದು. ಇದೇ ಪ್ರಾಡಕ್ಟ್ ನಂಬರ್ ಭಾರತದಲ್ಲಿ ಮಾರಾಟದಲ್ಲಿದೆಯೇ ಅಂತ ನೀವೇ ನೋಡಬೇಕು.

ಇದನ್ನು ತಿಳಿಯುವುದು ಕಷ್ಟವಲ್ಲ. ಡಬ್ಬದ ಮೇಲೆ ಅಥವಾ ಲ್ಯಾಪ್‌ಟಾಪಿನ ತಳದಲ್ಲಿ ಚಿಕ್ಕ ಅಕ್ಷರದ ಲೇಬಲ್ ಇರುತ್ತದೆ. ಉದಾಹರಣೆಗೆ ಎಚ್‌ಪಿಯಲ್ಲಿ ಪ್ರಾಡಕ್ಟ್ ನಂಬರಿನ ಕೊನೆಗೆ `#ABA` ಅಂತಿದ್ದರೆ ಅದು ಅಮೆರಿಕಕ್ಕೆ ಮಾಡಿದ್ದು, `#ACJ` ಅಂತಿದ್ದರೆ ಭಾರತಕ್ಕೆ. `#` ಮುಂಚಿನ ಭಾಗವನ್ನು ಭಾರತದ ಸೈಟಿನಲ್ಲಿ ಹುಡುಕಿ. ಅಲ್ಲಿ ಆ ಮಾಡೆಲ್ಲೇ ಕಾಣದಿದ್ದರೆ ಬಿಡಿಭಾಗದ ಆಸೆ ಬಿಡಿ. ಡೆಲ್‌ನಲ್ಲಿ ಸೀರಿಯಲ್ ನಂಬರಿನ ಬದಲು ಸರ್ವಿಸ್ ಟ್ಯಾಗ್ ಇರುತ್ತದೆ. ಅದನ್ನು ಹೊಸ ಮಾಲೀಕರ ಹೆಸರಿಗೆ, ಬೇರೆ ದೇಶಕ್ಕೆ ವರ್ಗಾಯಿಸಲು ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಲೆನೊವೊದಲ್ಲಿ ಥಿಂಕ್‌ಪ್ಯಾಡ್‌ಗಳಿಗೆ ಸಾಮಾನ್ಯವಾಗಿ ಇಂಟರ್‌ನ್ಯಾಷನಲ್ ವಾರಂಟಿ ಸರ್ವಿಸ್ ಇರುತ್ತದೆ, ಮನೆಬಳಕೆಯ ಐಡಿಯಾಪ್ಯಾಡ್‌ಗಳಲ್ಲಿ ಅದನ್ನು ನಂಬಿಕೊಳ್ಳಬೇಡಿ. ಆಪಲ್ ಮ್ಯಾಕ್‌ಬುಕ್‌ನ ಒಂದು ವರ್ಷದ ವಾರಂಟಿಗೆ ಭಾರತದಲ್ಲೂ ಸರ್ವಿಸ್ ಸಿಗುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, ಹೊರಗಿಂದ ತರಿಸಲೇಬೇಕು ಅಂದರೆ ಮ್ಯಾಕ್‌ಬುಕ್ ಅಥವಾ ಆಫೀಸ್ ಬಳಕೆಗೆ ಮಾಡಿದ ಸರಣಿಯದ್ದು ತರಿಸಿ. ಗೇಮಿಂಗ್ ಲ್ಯಾಪ್‌ಟಾಪ್ ಬೇಡವೇ ಬೇಡ. ಬಿಸಿ ಹೆಚ್ಚು, ಕೆಡುವ ಭಾಗಗಳೂ ದುಬಾರಿ.

ಕೊಂಡ ದಿನವೇ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡಿ. ಲೇಬಲ್ ಓದಲಾಗದಿದ್ದರೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
Get-CimInstance Win32_BIOS | Select-Object SerialNumber
```

ಆ ಪುಟದಲ್ಲಿ ಮೂರು ವಿಷಯ ಗಮನಿಸಿ: ದೇಶ, ವಾರಂಟಿಯ ವಿಧ, ಮುಗಿಯುವ ತಾರೀಕು. ವಾರಂಟಿ ಶುರುವಾಗುವುದು ಕೊಂಡ ದಿನದಿಂದ, ನಿಮ್ಮ ಹುಡುಗನ ಕೈಗೆ ಬಂದ ದಿನದಿಂದಲ್ಲ. ಕೆಲವೊಮ್ಮೆ ಫ್ಯಾಕ್ಟರಿಯಿಂದ ಹೊರಟ ದಿನದಿಂದಲೇ ಲೆಕ್ಕ ತೋರಿಸುತ್ತದೆ. ಬಿಲ್ ಕಳಿಸಿದರೆ ಸರಿಪಡಿಸುತ್ತಾರೆ. ನವೆಂಬರಿನ ರಿಯಾಯಿತಿಯಲ್ಲಿ ಕೊಂಡು ಜೂನ್ ರಜೆಗೆ ತಂದುಕೊಟ್ಟರೆ ಅರ್ಧಕ್ಕಿಂತ ಹೆಚ್ಚು ವಾರಂಟಿ ಕಪಾಟಿನಲ್ಲೇ ಕಳೆದಿರುತ್ತದೆ! ಅಷ್ಟರಲ್ಲಿ ಅಂಗಡಿಗೆ ವಾಪಸ್ ಕೊಡುವ ಅವಧಿಯೂ ಮುಗಿದಿರುತ್ತದೆ, ಅದು ಸಾಮಾನ್ಯವಾಗಿ ಎರಡೇ ವಾರ. ಊರಿಗೆ ಹೊರಡುವುದಕ್ಕೆ ಸ್ವಲ್ಪ ಮುಂಚೆ ಕೊಳ್ಳಿ, ಅಲ್ಲಿದ್ದಾಗಲೇ ನಾಲ್ಕೈದು ದಿನ ಓಡಿಸಿ ನೋಡಿ. ಮಾಲೀಕತ್ವ ವರ್ಗಾಯಿಸುವ ಅರ್ಜಿಗೆ ಕೊಂಡವರ ವಿವರ ಬೇಕಾಗುವುದರಿಂದ ಅದನ್ನೂ ಅವರೇ ಹೊರಡುವ ಮುಂಚೆ ಹಾಕಲಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು ಅದರ ಫೋಟೊ ಇಟ್ಟುಕೊಳ್ಳಿ, ಥರ್ಮಲ್ ಕಾಗದದ ಬಿಲ್ ವರ್ಷದೊಳಗೆ ಮಸುಕಾಗುತ್ತದೆ.

ಇಂಟರ್‌ನ್ಯಾಷನಲ್ ವಾರಂಟಿ ಇದ್ದರೂ ಅಲ್ಲಿ ಕೊಂಡ ಸೌಲಭ್ಯ ಪೂರ್ತಿಯಾಗಿ ಇಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ. ಮನೆಗೆ ಬಂದು ರಿಪೇರಿ ಮಾಡುವ ಷರತ್ತು ಇಲ್ಲಿಗೆ ಬಂದಾಗ ನೀವೇ ಹೊತ್ತೊಯ್ಯುವ ಷರತ್ತಾಗಬಹುದು. ಕೆಳಗೆ ಬಿದ್ದದ್ದು, ನೀರು ಚೆಲ್ಲಿದ್ದು ಸಾಮಾನ್ಯ ವಾರಂಟಿಯಲ್ಲಿ ಎಲ್ಲೂ ಸೇರುವುದಿಲ್ಲ.

ಮೈಸೂರಿನ ಹುಡುಗನ ವಿಷಯಕ್ಕೆ ಬಂದರೆ, ವಾಪಸ್ ಕಳಿಸುವ ದಾರಿಯನ್ನೂ ಯೋಚಿಸಿದ್ದರು. ಒಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ಎಲ್ಲ ಕೊರಿಯರ್‌ನವರೂ ತೆಗೆದುಕೊಳ್ಳುವುದಿಲ್ಲ, ಉಬ್ಬಿದ ಬ್ಯಾಟರಿಯಂತೂ ವಿಮಾನ ಹತ್ತುವಂತಿಲ್ಲ. ರಿಪೇರಿಯಾಗಿ ಬರುವಾಗ ರಿಪೇರಿಗೆ ಹೋಗಿದ್ದಕ್ಕೆ ದಾಖಲೆ ಇರದಿದ್ದರೆ ಕಸ್ಟಮ್ಸ್‌ನವರು ಆಮದು ಸುಂಕ ಹಾಕುತ್ತಾರೆ. ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರ ಹತ್ತಿರ ಕೊಟ್ಟರು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್, ಎಷ್ಟೋ ಬಾರಿ ರ‍್ಯಾಮ್ ಕೂಡ ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಬೋರ್ಡ್ ಬದಲಿಸುವುದೆಂದರೆ ಯಂತ್ರದ ಮುಖ್ಯ ಭಾಗವನ್ನೇ ಮತ್ತೆ ಕೊಂಡ ಹಾಗೆ. ಇವರದು ಸುಟ್ಟು ಹೋಗಿತ್ತು, ಹಳೆಯ ಬೋರ್ಡೊಂದನ್ನು ಹುಡುಕಿ ಹಾಕಿಸಬೇಕಾಯಿತು.

ಆನ್ ಆದಾಗ ಇನ್ನೊಂದು ತೊಂದರೆ. ಪರದೆ ನೀಲಿಯಾಗಿ ಬಿಟ್‌ಲಾಕರ್ ರಿಕವರಿ ಕೀ ಕೇಳಿತು. ವಿಂಡೋಸ್ 11 ಡಿಸ್ಕನ್ನು ತಾನೇ ಗೂಢಲಿಪೀಕರಿಸಿ, ಬೀಗದ ಕೈಯನ್ನು ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭದ್ರತೆಯ ಭಾಗದಲ್ಲಿ ಇಟ್ಟಿರುತ್ತದೆ. ಬೋರ್ಡ್ ಬದಲಾದರೆ 48 ಅಂಕೆಯ ಕೀ ಹಾಕಲೇಬೇಕು. ಆ ಕೀ ಉಳಿದಿರುವುದು ಮೊದಲು ಲ್ಯಾಪ್‌ಟಾಪ್ ಸೆಟಪ್ ಮಾಡಿದವರ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ಅಂದರೆ ನ್ಯೂಜೆರ್ಸಿಯ ಚಿಕ್ಕಪ್ಪನ ಹತ್ತಿರ. ಅವರು `aka.ms/myrecoverykey` ಪುಟಕ್ಕೆ ಲಾಗಿನ್ ಆಗಿ ಕಳಿಸಿದ ಮೇಲೆ ಹುಡುಗನ ಪ್ರಾಜೆಕ್ಟ್ ಫೈಲುಗಳು ಕೈಗೆ ಬಂದವು. ಆ ಅಕೌಂಟ್ ಕಳೆದುಹೋಗಿದ್ದರೆ ಡೇಟಾ ಪೂರ್ತಿ ಹೋದ ಹಾಗೇ. ಆದ್ದರಿಂದ ಅಲ್ಲಿ ಓಡಿಸಿ ನೋಡಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ರಿಸೆಟ್ ಮಾಡಿ ಕೊಡಲಿ, ಬಳಸುವವರು ತಮ್ಮದೇ ಅಕೌಂಟಿನಲ್ಲಿ ಸೆಟಪ್ ಮಾಡಿ ಕೀಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಲಿ.

ಕಸ್ಟಮ್ಸ್ ವಿಷಯ ಹೆಚ್ಚಿಲ್ಲ: 18 ವರ್ಷ ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಚಿಕ್ಕಪ್ಪ ತಮ್ಮ ಆಫೀಸಿನದನ್ನೂ ಹಿಡಿದುಕೊಂಡು ಬಂದರೆ ಎರಡನೆಯದಕ್ಕೆ ಪ್ರಶ್ನೆ ಬರಬಹುದು, ಜೊತೆಗೆ ಬರುವವರ ಕೈಯಲ್ಲಿ ಕೊಡಿ. ಅಡಾಪ್ಟರ್ ಮೇಲೆ 100-240V ಅಂತ ಬರೆದಿದ್ದರೆ ಇಲ್ಲಿನ ಕರೆಂಟಿಗೆ ಸರಿಹೋಗುತ್ತದೆ. ಗೋಡೆಯ ಸಾಕೆಟ್ಟಿಗೆ ಹೋಗುವ ವೈರ್ ಮಾತ್ರ ಐಎಸ್‌ಐ ಗುರುತಿನ ಮೂರು ಪಿನ್ನಿನದು ತೆಗೆದುಕೊಳ್ಳಿ, ಅಗ್ಗದ ಕನ್ವರ್ಟರ್ ಪ್ಲಗ್ ಸಡಿಲವಾಗಿ ಕಿಡಿ ಹಾರುತ್ತದೆ.

ಬೆಲೆ ಹೋಲಿಸುವಾಗ ಅಲ್ಲಿನ ಬೆಲೆಗೆ ಟ್ಯಾಕ್ಸ್ ಸೇರಿಸಿ, ಇಲ್ಲಿನ ಬೆಲೆಯಲ್ಲಿ 18% ಜಿಎಸ್‌ಟಿ ಆಗಲೇ ಇರುತ್ತದೆ. ವಿದ್ಯಾರ್ಥಿ ರಿಯಾಯಿತಿ, ಕಾರ್ಡ್ ಆಫರ್ ಕಳೆಯಿರಿ. ಉಳಿಯುವ ವ್ಯತ್ಯಾಸ ಒಂದು ಮದರ್‌ಬೋರ್ಡಿನ ಬೆಲೆಗಿಂತ ಕಡಿಮೆಯಿದ್ದರೆ ಇಲ್ಲೇ ಕೊಳ್ಳಿ, ಚಿಕ್ಕಪ್ಪ ದುಡ್ಡು ಕಳಿಸಲಿ.