ಗ್ರೂಪ್ ಪೂರ್ತಿ ಮ್ಯೂಟ್, ನನ್ನ ಕರೆದ್ರೆ ಮಾತ್ರ ಸೌಂಡ್: ವಾಟ್ಸಾಪ್ ಬಗ್ಗೆ ಒಬ್ಬ ಗಾಡಿಯವನ ವಿಮರ್ಶೆ

ನಂದು ಪಿಕಪ್ ಗಾಡಿ, ವೇಮಗಲ್ ನರಸಾಪುರ ಕಡೆ ತೋಟಗಳಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೀತೀನಿ. ಬಾಡಿಗೆ ಎಲ್ಲಾ ಬರೋದು ವಾಟ್ಸಾಪ್ ಗ್ರೂಪಲ್ಲಿ. ಆ ಗ್ರೂಪಲ್ಲಿ ಬೆಳೆಗಾರರು, ಮಂಡಿಯವರು, ನರ್ಸರಿಯವರು, ಔಷಧಿ ಅಂಗಡಿಯವರು, ನಮ್ಮಂಥ ಡ್ರೈವರ್‌ಗಳು ಎಲ್ಲಾ ಇದಾರೆ, ಬೆಳಗ್ಗೆ ಹರಾಜು ಶುರುವಾದ್ರೆ ರೇಟಿನ ಫೋಟೋ, ಎಲೆ ಮುದುಡಿರೋ ಗಿಡದ ವಿಡಿಯೋ, ಗುಡ್ ಮಾರ್ನಿಂಗ್, ಯಾರದೋ ಮದುವೆ ಪತ್ರಿಕೆ, ನಿಲ್ಲೋದೇ ಇಲ್ಲ. ಇದರ ಮಧ್ಯೆ ನನಗೆ ಬೇಕಾಗಿರೋದು ಒಂದೇ, "ಅಣ್ಣ ನಾಳೆಗೆ ಗಾಡಿ ಬೇಕು" ಅನ್ನೋ ಮೆಸೇಜು. ಅದಕ್ಕೋಸ್ಕರ ಬಹಳ ಕಾಲದಿಂದ ಈ ಗ್ರೂಪನ್ನ ಮ್ಯೂಟ್ ಮಾಡಿ ಇಟ್ಕೊಂಡಿದೀನಿ, ಚೆನ್ನಾಗಿ ನಡೀತಿದೆ, ಆದ್ರೆ ಕೆಲವು ವಿಷಯ ಗೊತ್ತಿಲ್ದೇ ಇದ್ರೆ ಬಾಡಿಗೆ ಕೈ ತಪ್ಪುತ್ತೆ, ಅದನ್ನ ಹೇಳೋಕೇ ಇದನ್ನ ಬರೀತಿರೋದು.

ಮೊದಲು ವಿಷಯ ಏನು ಅಂದ್ರೆ, ವಾಟ್ಸಾಪಲ್ಲಿ ಮ್ಯೂಟ್ ಮಾಡಿದ್ರೆ ಗ್ರೂಪ್ ಪೂರ್ತಿ ಸತ್ತೋಗಲ್ಲ. ತುಂಬಾ ಜನ ಮ್ಯೂಟ್ ಮಾಡೋಕೆ ಹೆದರೋದು ಇದಕ್ಕೇ, ಏನೂ ಗೊತ್ತಾಗಲ್ಲ ಅಂತ. ಹಂಗಿಲ್ಲ. ಗ್ರೂಪ್ ಓಪನ್ ಮಾಡಿ ಮೇಲೆ ಮೂರು ಚುಕ್ಕಿ ಒತ್ತಿ Mute notifications ಅಂತ ಇರುತ್ತೆ, ಅದರಲ್ಲಿ 8 hours, 1 week, Always ಅಂತ ಮೂರು ಕೇಳುತ್ತೆ, ನಾನು Always ಇಟ್ಟಿದೀನಿ. ಇದಾದ್ಮೇಲೆ ಸಾಮಾನ್ಯ ಮೆಸೇಜ್ ಎಷ್ಟು ಬಂದ್ರೂ ಫೋನು ಸುಮ್ನಿರುತ್ತೆ. ಆದ್ರೆ ಯಾರಾದ್ರೂ @ ಹಾಕಿ ನನ್ನ ಟ್ಯಾಗ್ ಮಾಡಿದ್ರೆ, ಇಲ್ಲಾಂದ್ರೆ ನಾನು ಹಾಕಿದ ಮೆಸೇಜಿಗೇ ರಿಪ್ಲೈ ಕೊಟ್ರೆ, ಆವಾಗ ಮಾತ್ರ ಸೌಂಡ್ ಬರುತ್ತೆ. ಇದಕ್ಕೆ ಬೇರೆ ಸೆಟ್ಟಿಂಗ್ ಹುಡುಕೋದು ಬೇಡ, ಮ್ಯೂಟ್ ಅಂದ್ರೇನೇ ಹಂಗೆ. ಆರ್ಕೈವ್ ಮಾಡಿ ಒಳಗೆ ತಳ್ಳಿದ ಗ್ರೂಪಿಗೂ ಇದೇ ಲೆಕ್ಕ, ಯಾರಾದ್ರೂ ಕರೆದ್ರೆ ಚಾಟ್ ಲಿಸ್ಟ್ ಮೇಲೆ ಇರೋ Archived ಸಾಲಲ್ಲಿ ಒಂದು @ ಗುರುತು ಕಾಣುತ್ತೆ.

ಈಗ ತೊಂದರೆ ಎಲ್ಲಿ ಬರುತ್ತೆ ಅಂತ ಹೇಳ್ತೀನಿ. ನಮ್ಮ ಕಡೆ ಒಬ್ರು ಹಿರಿಯರು, ಒಳ್ಳೆ ಬೆಳೆಗಾರರು, ಒಂದಿನ ತೋಟದ ಹತ್ರ ಸಿಕ್ದಾಗ ಬೇಜಾರಲ್ಲೇ ಕೇಳಿದ್ರು, "ಏನಪ್ಪಾ, ಗ್ರೂಪಲ್ಲಿ ನಿನ್ನ ಹೆಸರು ಹಾಕಿ ಎಷ್ಟು ಸಲ ಕರೀಬೇಕು, ನೋಡೋದೇ ಇಲ್ವಲ್ಲ ನೀನು". ಅವರ ಫೋನ್ ಇಸ್ಕೊಂಡು ನೋಡಿದೆ. ಅವರು @ ಹಾಕಿ ಪಕ್ಕದಲ್ಲಿ ನನ್ನ ಹೆಸರನ್ನ ಕನ್ನಡದಲ್ಲಿ ಕೈಯಲ್ಲೇ ಟೈಪ್ ಮಾಡಿ ಕಳ್ಸಿದಾರೆ. ಮೆಸೇಜಲ್ಲಿ ಹೆಸರು ಬೇರೆ ಅಕ್ಷರಗಳ ಥರಾನೇ ಮಾಮೂಲಿ ಬಣ್ಣದಲ್ಲಿ ಇದೆ. ಅಲ್ಲೇ ಗೊತ್ತಾಗುತ್ತೆ ಅದು ಟ್ಯಾಗ್ ಆಗಿಲ್ಲ ಅಂತ. @ ಒತ್ತಿದ ತಕ್ಷಣ ಗ್ರೂಪಲ್ಲಿರೋರ ಪಟ್ಟಿ ಬರುತ್ತೆ, ಅದರಿಂದ ಹೆಸರು ಮುಟ್ಟಿ ಆರಿಸಿದ್ರೆ ಮಾತ್ರ ಟ್ಯಾಗ್ ಆಗೋದು, ಆವಾಗ ಹೆಸರು ಬೇರೆ ಬಣ್ಣಕ್ಕೆ ತಿರುಗುತ್ತೆ. ಕೈಯಲ್ಲಿ ಬರೆದಿದ್ದು ಬರೀ ಅಕ್ಷರ, ವಾಟ್ಸಾಪಿಗೆ ಅದು ಯಾರು ಅಂತ ಗೊತ್ತಾಗಲ್ಲ.

ಸರಿ ಆರಿಸಿ ಅಂದೆ. ಪಟ್ಟೀಲಿ ನನ್ನ ಹೆಸರೇ ಬರ್ತಿಲ್ಲ ಅಂದ್ರು. ನಿಜಾನೇ, ಬರಲ್ಲ, ಯಾಕಂದ್ರೆ ಅವರ ಮಗ ನನ್ನ ನಂಬರನ್ನ ಅವರ ಫೋನಲ್ಲಿ Tomato Gadi ಅಂತ ಇಂಗ್ಲಿಷಲ್ಲಿ ಸೇವ್ ಮಾಡಿಕೊಟ್ಟಿದ್ದ. ಆ ಪಟ್ಟಿ ಅವರವರ ಫೋನಲ್ಲಿ ಹೆಂಗೆ ಸೇವ್ ಆಗಿದೆಯೋ ಹಂಗೇ ಬರೋದು. ಅವರು ನನ್ನ ಹೆಸರನ್ನ ಕನ್ನಡದಲ್ಲಿ ಹುಡುಕಿದ್ರೆ ಎಲ್ಲಿಂದ ಸಿಗಬೇಕು. @ ಹಾಕಿ To ಅಂತ ಎರಡು ಅಕ್ಷರ ಒತ್ತಿದ್ದೇ ತಡ ಮೇಲೆ ಬಂತು, ಮುಟ್ಟಿದ್ರು, ನನ್ನ ಜೇಬಲ್ಲಿ ಫೋನ್ ಸದ್ದು ಮಾಡ್ತು. ಅವರ ಫೋನಲ್ಲಿ ಕಾಣೋದು @Tomato Gadi ಅಂತಾನೇ, ಬೇರೆಯವರ ಫೋನಲ್ಲಿ ಅವರವರು ಸೇವ್ ಮಾಡ್ಕೊಂಡಿರೋ ಹೆಸರು ಕಾಣುತ್ತೆ, ಅದರಿಂದ ಏನೂ ತೊಂದರೆ ಇಲ್ಲ, ನನಗೆ ಬಂದು ಮುಟ್ಟುತ್ತೆ ಅಷ್ಟೇ. ಇನ್ನೊಂದು, ಮೊದಲು ಹೆಸರಿಲ್ದೇ ಕಳ್ಸಿಬಿಟ್ಟು ಆಮೇಲೆ ಎಡಿಟ್ ಮಾಡಿ ಟ್ಯಾಗ್ ಸೇರ್ಸೋದು ಕೆಲವರ ಅಭ್ಯಾಸ, ಅದನ್ನ ನಂಬ್ಕೋಬೇಡಿ, ಎಡಿಟ್ ಮಾಡಿದ್ದಕ್ಕೆ ಹೊಸದಾಗಿ ನೋಟಿಫಿಕೇಶನ್ ಹೋಗಲ್ಲ, ಮತ್ತೊಂದು ಮೆಸೇಜೇ ಹಾಕ್ಬೇಕು.

ಇಷ್ಟೆಲ್ಲಾ ಹೇಳಿಕೊಟ್ರೂ ನಮ್ಮ ಗ್ರೂಪಲ್ಲಿ ಟ್ಯಾಗ್ ಪೂರ್ತಿ ಕೆಲಸಕ್ಕೆ ಬರ್ಲಿಲ್ಲ. ಕಾರಣ, ಅರ್ಧಕ್ಕರ್ಧ ಜನ ಟೈಪೇ ಮಾಡಲ್ಲ, ವಾಯ್ಸ್ ಹಾಕ್ತಾರೆ. ಕೈಯಲ್ಲಿ ಮಣ್ಣು ಇರುತ್ತೆ, ಕಾಯಿ ಕೀಳ್ತಿರ್ತಾರೆ, ಮೈಕ್ ಒತ್ತಿ "ಅಣ್ಣೋ ಐವತ್ತು ಬಾಕ್ಸ್ ಐತೆ ಬೇಗ ಬಾ" ಅಂತಾರೆ. ವಾಯ್ಸಲ್ಲಿ ಬಾಯ್ತುಂಬ ನನ್ನ ಹೆಸರು ಹೇಳಿದ್ರೂ ಅದು ಟ್ಯಾಗ್ ಅಲ್ಲ, ಮ್ಯೂಟಲ್ಲಿರೋ ನನ್ನ ಫೋನ್ ಕಮಕ್ ಕಿಮಕ್ ಅನ್ನಲ್ಲ.

ಇಲ್ಲಿ ರಿಪ್ಲೈ ಬಂದು ನಮ್ಮನ್ನ ಕಾಪಾಡ್ತು. ರಿಪ್ಲೈ ವಾಯ್ಸಲ್ಲೂ ಕೊಡಬಹುದು. ನನ್ನ ಮೆಸೇಜನ್ನ ಬೆರಳಲ್ಲಿ ಬಲಕ್ಕೆ ಎಳೆದ್ರೆ ಅದು ಕೆಳಗೆ ಬಂದು ಕೂತ್ಕೊಳ್ಳುತ್ತೆ, ಆಮೇಲೆ ಮಾಮೂಲಿನಂಗೆ ಮೈಕ್ ಒತ್ತಿ ಮಾತಾಡಿದ್ರೆ ಆಯ್ತು, ಹೆಸರು ಹುಡುಕೋ ಕಷ್ಟ ಇಲ್ಲ, ಸ್ಪೆಲ್ಲಿಂಗ್ ಇಲ್ಲ. ಆದ್ರೆ ಎಳೆಯೋಕೆ ನನ್ನ ಮೆಸೇಜ್ ಒಂದು ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ ದಿನಾ ಸಂಜೆ ನಾನೇ ಒಂದು ಹಾಕ್ತೀನಿ: "ನಾಳೆ ವೇಮಗಲ್ ರೂಟ್, 100 ಬಾಕ್ಸ್ ಜಾಗ ಇದೆ, ಬೇಕಾದವರು ಇದೇ ಮೆಸೇಜ್ ಎಳೆದು ವಾಯ್ಸ್ ಹಾಕಿ". ನಮ್ಮ ಕಡೆ ಬಾಕ್ಸು ಅಂದ್ರೆ 15 ಕೆಜಿ ಹಿಡಿಯೋ ಕ್ರೇಟು, ನೂರಾದ್ರೆ ಒಂದೂವರೆ ಟನ್, ನನ್ನ ಗಾಡಿಗೆ ಅಷ್ಟೇ ಲೆಕ್ಕ.

ಮೊನ್ನೆ ನಡೆದಿದ್ದನ್ನೇ ಹೇಳ್ತೀನಿ, ಇದರ ಮಿತಿ ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ಸಂಜೆ ಮೆಸೇಜ್ ಹಾಕಿದೆ. ಒಬ್ರು ಎಳೆದು 40 ಬಾಕ್ಸ್ ಅಂದ್ರು, ಸೌಂಡ್ ಬಂತು. ಇನ್ನೊಬ್ರು ಎಳೆದು 35 ಅಂದ್ರು, ಅದೂ ಬಂತು. ಮೂರನೇಯವರು ನನ್ನ ಮೆಸೇಜ್ ಮೇಲಕ್ಕೆ ಹೋಗ್ಬಿಟ್ಟಿದ್ರಿಂದ ಎರಡನೇಯವರ ವಾಯ್ಸನ್ನೇ ಎಳೆದು "ನಂದೂ 25 ಐತೆ, ಇದ್ರ ಜೊತೇಲೇ ಹಾಕ್ಕೋ" ಅಂದ್ರು. ಅದಕ್ಕೆ ನನ್ನ ಫೋನ್ ಸುಮ್ನೆ ಇತ್ತು, ಯಾಕಂದ್ರೆ ಅದು ಎರಡನೇಯವರಿಗೆ ಕೊಟ್ಟ ರಿಪ್ಲೈ, ಸೌಂಡ್ ಹೋಗೋದು ಅವರಿಗೆ. ಅಷ್ಟರಲ್ಲಿ ಮೊದಲನೇಯವರು ಯಾವುದನ್ನೂ ಎಳೀದೇ ಹಾಗೇ "40 ಅಲ್ಲ, 30 ಆಗುತ್ತೆ, ಕಾಯಿ ಇನ್ನೂ ಬಣ್ಣ ತಿರುಗಿಲ್ಲ" ಅಂತ ಹಾಕಿದ್ರು, ಅದೂ ಬರಲಿಲ್ಲ. ಸೌಂಡ್ ಬಂದಿದ್ದನ್ನ ಮಾತ್ರ ನಂಬಿದ್ರೆ ನನ್ನ ಲೆಕ್ಕ 75, ನಿಜವಾದ ಲೆಕ್ಕ 30, 35, 25 ಸೇರಿ 90. ಹಂಗಾಗಿ ನಾನು ಮಾಡೋದು ಏನಂದ್ರೆ, ಒಂದು ರಿಪ್ಲೈ ಸೌಂಡ್ ಬಂದ್ರೆ ಬರೀ ಅದನ್ನ ಕೇಳಿ ಮುಚ್ಚಲ್ಲ, ಅಲ್ಲಿಂದ ಕೆಳಗಡೆ ಕೊನೇವರೆಗೂ ಓದ್ತೀನಿ, ಮಲಗೋ ಮುಂಚೆ ಇನ್ನೊಂದು ಸಲ ಓದಿ, ಒಟ್ಟು ಲೆಕ್ಕವನ್ನ ಮೂರೂ ಜನಕ್ಕೆ ಟ್ಯಾಗ್ ಮಾಡಿ ಹಾಕ್ತೀನಿ. ಆ ಮೆಸೇಜಿಗೆ ಅವರು ರಿಪ್ಲೈ ಕೊಟ್ರೆ ಮತ್ತೆ ನನಗೇ ಬರುತ್ತೆ, ದಾರಿ ತಪ್ಪಿದ ಮಾತು ವಾಪಸ್ ಸರಿಗೆ ಬರುತ್ತೆ. ಈ ಕೊನೇ ಮೆಸೇಜು ಬಹಳ ಮುಖ್ಯ, ಇದನ್ನ ಹಾಕೋಕೆ ಶುರು ಮಾಡಿದ್ಮೇಲೆ ಬೆಳಗ್ಗೆ ತೋಟದ ಹತ್ರ ಜಗಳ ಕಮ್ಮಿ ಆಗಿದೆ.

ಓದೋಕೆ ಒಂದು ಅನುಕೂಲ ಇದೆ. ಚಾಟ್ ಲಿಸ್ಟಲ್ಲಿ ಗ್ರೂಪ್ ಹೆಸರಿನ ಪಕ್ಕ ಎಷ್ಟು ಓದಿಲ್ಲ ಅನ್ನೋ ನಂಬರ್ ಜೊತೆ @ ಗುರುತು ಇದ್ರೆ ನಿಮ್ಮನ್ನ ಕರೆದಿದಾರೆ ಅಂತ. ಒಳಗೆ ಹೋದ್ರೆ ಬಲಗಡೆ ಕೆಳಗೆ @ ಇರೋ ಗುಂಡಗಿನ ಬಟನ್ ಬರುತ್ತೆ, ಅದನ್ನ ಒತ್ತಿದ್ರೆ ನೂರಾರು ಫೋಟೋ ದಾಟ್ಕೊಂಡು ಸೀದಾ ಆ ಮೆಸೇಜ್ ಹತ್ರಾನೇ ಕರ್ಕೊಂಡು ಹೋಗುತ್ತೆ. ಮಂಡಿ ಗೇಟ್ ಹತ್ರ ಸಾಲಲ್ಲಿ ನಿಂತಾಗ ನನಗೆ ತುಂಬಾ ಉಪಯೋಗ ಆಗೋದು ಇದೇ.

ಟ್ಯಾಗ್ ಸರಿಯಾಗೇ ಆಗಿದೆ, ಬಣ್ಣಾನೂ ಬಂದಿದೆ, ಆದ್ರೂ ಸೌಂಡಿಲ್ಲ ಅಂದ್ರೆ ತಪ್ಪು ಗ್ರೂಪಲ್ಲಲ್ಲ, ಫೋನಲ್ಲಿ ಇರುತ್ತೆ. ಕಿರಿಕಿರಿ ಆಗಿ ಯಾವಾಗಲೋ ನೋಟಿಫಿಕೇಶನ್ ಮೇಲೆ ಒತ್ತಿ ಹಿಡಿದು ಆಫ್ ಮಾಡಿರ್ತಾರೆ, ಅದು ಆಂಡ್ರಾಯ್ಡಲ್ಲಿ ಎಲ್ಲಾ ಗ್ರೂಪಿನ ನೋಟಿಫಿಕೇಶನ್ನನ್ನೂ ಬಂದ್ ಮಾಡಿಬಿಡುತ್ತೆ, ಆಮೇಲೆ ಟ್ಯಾಗ್ ಮಾಡಿದ್ರೂ ಅಷ್ಟೇ ರಿಪ್ಲೈ ಮಾಡಿದ್ರೂ ಅಷ್ಟೇ. ಫೋನ್ ಸೆಟ್ಟಿಂಗಲ್ಲಿ ಆ್ಯಪ್ಸ್, ವಾಟ್ಸಾಪ್, ನೋಟಿಫಿಕೇಶನ್ ಅಂತ ಹೋದ್ರೆ Group notifications ಅಂತ ಒಂದು ಸಾಲು ಇರುತ್ತೆ, ಅದು ಆನ್ ಇರಬೇಕು, ಸೈಲೆಂಟಲ್ಲಿ ಇರಬಾರದು. ಬ್ಯಾಟರಿ ಉಳಿಸೋ ಸೆಟ್ಟಿಂಗ್ ವಾಟ್ಸಾಪನ್ನ ಹಿಂದೆ ಮಲಗಿಸಿದ್ರೆ ಎಲ್ಲಾ ಮೆಸೇಜೂ ಆ್ಯಪ್ ತೆಗೆದಾಗ ಒಟ್ಟಿಗೆ ಬಂದು ಬೀಳುತ್ತೆ, ಹಂಗಾಗ್ತಿದ್ರೆ ಬ್ಯಾಟರಿ ಸೆಟ್ಟಿಂಗಲ್ಲಿ ವಾಟ್ಸಾಪಿಗೆ ತಡೆ ತೆಗೀರಿ. ಪರೀಕ್ಷೆ ಮಾಡೋದು ಸುಲಭ, ಮನೇಲಿ ಇನ್ನೊಂದು ಫೋನಿಂದ ನಿಮ್ಮನ್ನ ಟ್ಯಾಗ್ ಮಾಡಿಸಿ, ನಿಮ್ಮ ಫೋನ್ ಸ್ಕ್ರೀನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಮಾಡಿಸಿ, ಕೈಯಲ್ಲಿ ಹಿಡ್ಕೊಂಡು ನೋಡ್ತಿದ್ರೆ ಈ ತೊಂದರೆ ಗೊತ್ತಾಗಲ್ಲ.

ಟೆಲಿಗ್ರಾಂ ಕೂಡ ಇಟ್ಕೊಂಡಿದೀನಿ, ಅಲ್ಲೂ ಮ್ಯೂಟ್ ಮಾಡಿದ ಗ್ರೂಪಲ್ಲಿ ಟ್ಯಾಗು ರಿಪ್ಲೈ ಬರುತ್ತೆ, 2015ರಿಂದಾನೇ ಇದೆ. ಆದ್ರೆ ನಮ್ಮ ರೈತರು ಇರೋದು ವಾಟ್ಸಾಪಲ್ಲಿ, ಹಾಗಾಗಿ ಅದರ ಬಗ್ಗೆ ಜಾಸ್ತಿ ಹೇಳೋಕಿಲ್ಲ.

ಯಾವ ಗ್ರೂಪಿಗೆ ಇದು ಬೇಡ ಅಂತಾನೂ ಹೇಳಿಬಿಡ್ತೀನಿ. ಊರಿನ ನೀರಿನ ಗ್ರೂಪು, ಮಗಳ ಸ್ಕೂಲಿನ ಗ್ರೂಪು, ಹಾಲಿನ ಡೈರಿ ಗ್ರೂಪು, ಇಂಥ ಕಡೆ ಮುಖ್ಯವಾದ ಸೂಚನೆ ಹಾಕೋರು ಯಾರನ್ನೂ ಟ್ಯಾಗ್ ಮಾಡಲ್ಲ, "ನಾಳೆ ನೀರು ಬರಲ್ಲ" ಅಂತ ಒಂದು ಸಾಲು ಹಾಕಿ ಹೋಗ್ತಾರೆ. ಅಲ್ಲಿ Always ಇಟ್ರೆ ಆ ಸಾಲು ಗುಡ್ ಮಾರ್ನಿಂಗ್ ಫೋಟೋಗಳ ಜೊತೆ ಹೂತೋಗುತ್ತೆ. ನಾನು ಆ ಗ್ರೂಪುಗಳನ್ನ ಗಾಡಿ ಓಡ್ಸೋ ಹೊತ್ತಿಗೆ 8 hours ಮಾತ್ರ ಮ್ಯೂಟ್ ಮಾಡ್ತೀನಿ, ಲೋಡ್ ಇಳಿಸಿ ಮನೆಗೆ ಬರೋ ಹೊತ್ತಿಗೆ ಅದು ತಾನಾಗೇ ಬಿಟ್ಕೊಂಡಿರುತ್ತೆ.